ಪಿಂಗ್‌ಗೆ ಸಿಕ್ಕ ಟಿವಿ ಆ್ಯಪ್‌ಗೆ ಸಿಗಲಿಲ್ಲ: ಮುಲುಂಡಿನ ಮನೆಯೊಂದರ ಕಾಸ್ಟಿಂಗ್ ಪ್ರಕರಣ

ಹಿನ್ನೆಲೆ

ಮುಂಬಯಿಯ ಮುಲುಂಡ್ ಪೂರ್ವದಲ್ಲಿ, ಏಳನೆಯ ಮಹಡಿಯ ಫ್ಲ್ಯಾಟೊಂದರಲ್ಲಿ ಒಂದು ಕನ್ನಡ ಕುಟುಂಬವಿದೆ. ಮನೆಯ ಹಿರಿಯರನ್ನು ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇನೆ. ಉಳಿದವರು ಅವರ ಮಗ, ಸೊಸೆ ಮತ್ತು ಶಾಲೆಗೆ ಹೋಗುವ ಮೊಮ್ಮಗ. ಗುರುತು ಹತ್ತಬಹುದಾದ ವಿವರಗಳನ್ನೂ ಟಿವಿ, ರೂಟರ್, ಆ್ಯಪ್‌ಗಳ ಕಂಪನಿಯ ಹೆಸರುಗಳನ್ನೂ ಬಿಟ್ಟಿದ್ದೇನೆ. ನಾನು ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದವನು. ಪರಿಚಯದ ಸಲುಗೆಯಿಂದ ಅವರು ನನ್ನನ್ನು ಕರೆದರು.

ಉಡುಪಿಯ ಕಡೆಯಿಂದ ನೌಕರಿಗೆಂದು ಬಂದು ಮುಂಬಯಿಯಲ್ಲೇ ನೆಲೆನಿಂತ ರಾಯರಿಗೆ ಸಂಜೆಯ ಹೊತ್ತು ಯಕ್ಷಗಾನದ ವಿಡಿಯೋ ನೋಡುವುದು ನಿತ್ಯದ ರೂಢಿ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಫೋನಿನ ಸಣ್ಣ ಪರದೆ ಅವರಿಗೆ ಆಗಿಬರುತ್ತಿರಲಿಲ್ಲ. ಆದ್ದರಿಂದ ಫೋನಿನ ಆ್ಯಪ್‌ನಲ್ಲಿ ಪ್ರಸಂಗವನ್ನು ಆರಿಸಿ, ಮೂಲೆಯಲ್ಲಿ ಕಾಣುವ ಕಾಸ್ಟ್ ಗುರುತನ್ನು ಒತ್ತಿ, ಹಾಲಿನ ಟಿವಿಗೆ ಕಳಿಸುವುದನ್ನು ಮಗ ಕಲಿಸಿಕೊಟ್ಟಿದ್ದ. ಟಿವಿಯಲ್ಲಿ ಗೂಗಲ್ ಕಾಸ್ಟ್ ಸೌಲಭ್ಯ ಮೊದಲಿನಿಂದಲೂ ಇತ್ತು, ಒಂದು ವರ್ಷ ತೊಂದರೆಯಿಲ್ಲದೆ ನಡೆದಿತ್ತು.

ಆಮೇಲೆ ಆದ ಒಂದೇ ಬದಲಾವಣೆಯನ್ನು ಮನೆಯವರು ಮೊದಲ ದಿನ ನನಗೆ ಹೇಳಲಿಲ್ಲ. ಅದಕ್ಕೂ ಟಿವಿಗೂ ಸಂಬಂಧವಿದೆಯೆಂದು ಅವರಿಗೆ ತೋರಿರಲೇ ಇಲ್ಲ. ಇಂಟರ್ನೆಟ್ ಕೊಟ್ಟವರ ಫೈಬರ್ ರೂಟರ್ ಹಾಲಿನಲ್ಲಿತ್ತು; ಎರಡು ಕಾಂಕ್ರೀಟ್ ಗೋಡೆಗಳ ಆಚೆ ಇದ್ದ ಒಳಕೋಣೆಗೆ ವೈಫೈ ಸರಿಯಾಗಿ ಬರುತ್ತಿರಲಿಲ್ಲ. ಸೊಸೆ ಅಲ್ಲಿಯೇ ಕುಳಿತು ಕಚೇರಿಯ ಕೆಲಸ ಮಾಡುತ್ತಿದ್ದುದರಿಂದ, ಪರಿಚಯದ ಹುಡುಗನೊಬ್ಬ ಗೋಡೆಯಂಚಿನಲ್ಲಿ ಕೇಬಲ್ ಎಳೆದು, ಮನೆಯಲ್ಲಿದ್ದ ಹಳೆಯ ರೂಟರನ್ನು ಒಳಕೋಣೆಯಲ್ಲಿ ಜೋಡಿಸಿ ಹೋಗಿದ್ದ. ಒಳಕೋಣೆಯ ರೂಟರಿಗೂ ಹಾಲಿನದಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿದ್ದ. ಹೀಗಿಟ್ಟರೆ ಫೋನ್ ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ ಎಂಬ ಅವನ ಮಾತು ತಪ್ಪಲ್ಲ. ತಪ್ಪಿದ್ದದ್ದು ಆ ಕೇಬಲ್ ರೂಟರಿನ ಯಾವ ತೂತಿಗೆ ಸೇರಿತ್ತು ಎಂಬುದರಲ್ಲಿ.

ದೂರು

"ಬೆಳಿಗ್ಗೆ ಸಿಗುತ್ತದೆ, ಸಂಜೆ ಸಿಗುವುದಿಲ್ಲ" ಎಂಬುದು ರಾಯರ ದೂರು. ಸಂಜೆ ಆ್ಯಪ್ ತೆರೆದರೆ ಕಾಸ್ಟ್ ಗುರುತೇ ಕಾಣುತ್ತಿರಲಿಲ್ಲ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಹುಡುಕಿದರೂ ಸಾಧನಗಳ ಪಟ್ಟಿ ಖಾಲಿಯಾಗಿರುತ್ತಿತ್ತು. ಫೋನನ್ನು ಆರಿಸಿ ಮತ್ತೆ ಹಚ್ಚಿದರೆ ಕೆಲವೊಮ್ಮೆ ಗುರುತು ಮರಳುತ್ತಿತ್ತು. ಹೀಗಾಗಿ ಫೋನ್ ಹಳೆಯದಾಗಿದೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು.

ಗುರುತು ಕಾಣದಿರುವುದು ಇಲ್ಲಿ ದೊಡ್ಡ ಸುಳಿವು. ಹಲವು ಆ್ಯಪ್‌ಗಳಲ್ಲಿ, ಕಾಸ್ಟ್ ಮಾಡಬಲ್ಲ ಸಾಧನವೊಂದಾದರೂ ಸುತ್ತಮುತ್ತ ಸಿಕ್ಕಾಗ ಮಾತ್ರ ಆ ಗುರುತು ಮೂಡುತ್ತದೆ. ಟಿವಿಯ ಹೆಸರು ಪಟ್ಟಿಯಲ್ಲಿ ಬಂದು, ಒತ್ತಿದಾಗ ಸಂಪರ್ಕ ಕಡಿದುಹೋಗುವುದು ಬೇರೆಯೇ ರೋಗ. 2025ರ ಮಾರ್ಚ್‌ನಲ್ಲಿ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಪ್ರಮಾಣಪತ್ರದ ಅವಧಿ ಮುಗಿದು ಕೆಟ್ಟಾಗ ಆದದ್ದು ಆ ಬಗೆಯ ತೊಂದರೆ: ಸಾಧನ ಕಾಣುತ್ತಿತ್ತು, ಆದರೆ ಫೋನ್ ಅದನ್ನು ನಂಬುತ್ತಿರಲಿಲ್ಲ. ರಾಯರ ಮನೆಯಲ್ಲಿ ವಿಷಯ ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ. ಟಿವಿ ಇದೆಯೆಂಬುದೇ ಫೋನಿಗೆ ತಿಳಿಯುತ್ತಿರಲಿಲ್ಲ.

ನಾನು ಹೋಗುವ ಮೊದಲು ಮಗ ಸಾಕಷ್ಟು ಶ್ರಮಪಟ್ಟಿದ್ದ. ಆ್ಯಪ್ ತೆಗೆದು ಮತ್ತೆ ಹಾಕಿದ್ದ, ಫೋನಿನ ತಂತ್ರಾಂಶ ಹೊಸದಾಗಿಸಿದ್ದ, ಹಾಲಿನ ರೂಟರನ್ನು ಹಲವು ಬಾರಿ ಆರಿಸಿ ಹಚ್ಚಿದ್ದ, ಕೊನೆಗೆ ಟಿವಿಯನ್ನು ಪೂರ್ತಿ ಅಳಿಸಿ ಮೊದಲಿನ ಸ್ಥಿತಿಗೆ ತಂದಿದ್ದ. ಆ ಕೊನೆಯ ಕ್ರಮ ಅವರಿಗೆ ದುಬಾರಿಯಾಯಿತು: ಪ್ರತಿಯೊಂದು ಚಂದಾ ಆ್ಯಪ್‌ನ ಪಾಸ್‌ವರ್ಡನ್ನೂ ರಿಮೋಟಿನ ಬಾಣದ ಗುಂಡಿಗಳಿಂದ ಅಕ್ಷರಕ್ಷರವಾಗಿ ಹೊಡೆಯುವುದರಲ್ಲಿ ಅರ್ಧ ದಿನ ಹೋಯಿತು. ನಾನು ಹೋದ ದಿನ ಹೊಸ ಟಿವಿ ಸ್ಟಿಕ್ ತರಿಸುವ ಮಾತು ನಡೆದಿತ್ತು. ಸ್ವಲ್ಪ ತಡೆಯಿರಿ ಎಂದೆ.

ದಾರಿ ತಪ್ಪಿಸಿದ ಎರಡು ಸಾಕ್ಷ್ಯಗಳು

"ನೆಟ್‌ವರ್ಕ್ ಸರಿಯಿದೆ, ಯೂಟ್ಯೂಬ್ ಟಿವಿಗೆ ಹೋಗುತ್ತದಲ್ಲ" ಎಂದು ಮಗ ತೋರಿಸಿದ. ನಿಜವಾಗಿಯೂ, ಚಂದಾ ಆ್ಯಪ್‌ನಲ್ಲಿ ಗುರುತು ಕಾಣದ ಹೊತ್ತಿನಲ್ಲೇ ಅದೇ ಫೋನಿನ ಯೂಟ್ಯೂಬ್‌ನಲ್ಲಿ ಟಿವಿಯ ಹೆಸರು ಕಾಣುತ್ತಿತ್ತು, ವಿಡಿಯೋ ಓಡುತ್ತಿತ್ತು. ಕೇಳಿದಾಗ ತಿಳಿದದ್ದೆಂದರೆ, ಎಂದೋ ಒಮ್ಮೆ ಟಿವಿಯ ಪರದೆಯ ಮೇಲೆ ಬಂದ ಸಂಖ್ಯೆಯನ್ನು ಫೋನಿನಲ್ಲಿ ತುಂಬಿ ಎರಡನ್ನೂ ಬೆಸೆದಿದ್ದರು. ಹಾಗೆ ಬೆಸೆದ ಯೂಟ್ಯೂಬ್ ಟಿವಿಯನ್ನು ಮನೆಯ ವೈಫೈಯಲ್ಲಿ ಹುಡುಕಲೇಬೇಕೆಂದಿಲ್ಲ. ಫೋನಿನ ಆದೇಶ ಇಂಟರ್ನೆಟ್ ಮೂಲಕ ಹೊರಗೆ ಹೋಗಿ ಟಿವಿಗೆ ಮರಳಿ ಬರುತ್ತದೆ. ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಿಂದಲೇ ಯೂಟ್ಯೂಬ್ ಕಳಿಸಿ ತೋರಿಸಿದೆ, ಆಗಲೂ ಓಡಿತು. ಆ ಮೇಲೆ ಅದನ್ನು ಸಾಕ್ಷ್ಯವೆಂದು ಯಾರೂ ಹಿಡಿಯಲಿಲ್ಲ.

ಎರಡನೆಯ ಸಾಕ್ಷ್ಯಕ್ಕೆ ಮೋಸಹೋದವನು ನಾನು. ಒಳಕೋಣೆಯಲ್ಲಿ ನನ್ನ ಲ್ಯಾಪ್‌ಟಾಪ್ ತೆರೆದು, ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಕಂಡ ಐಪಿ ವಿಳಾಸಕ್ಕೆ, ಅಂದರೆ ಜಾಲದಲ್ಲಿ ಟಿವಿಯನ್ನು ಗುರುತಿಸುವ ಸಂಖ್ಯೆಗೆ, ಪಿಂಗ್ ಮಾಡಿದೆ; ಅಲ್ಲಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಸಣ್ಣ ಪರೀಕ್ಷೆಯದು. ಕಾಸ್ಟ್ ಸಂಪರ್ಕ ನಡೆಯುವ ಬಾಗಿಲಿನಂತಿರುವ 8009ನೇ ಪೋರ್ಟನ್ನೂ ತಟ್ಟಿ ನೋಡಿದೆ.

```
ping -c 4 192.168.1.14
nc -vz 192.168.1.14 8009
```

ನಾಲ್ಕಕ್ಕೆ ನಾಲ್ಕೂ ಉತ್ತರ ಬಂದವು, ಪೋರ್ಟೂ ತೆರೆದಿತ್ತು. ಟಿವಿ ಕೈಗೆಟಕುತ್ತಿದೆ ಎಂದಮೇಲೆ ದೋಷ ಆ್ಯಪ್‌ನದೋ, ರೂಟರಿನ ಯಾವುದೋ ಅಡಗಿದ ಆಯ್ಕೆಯದೋ ಇರಬೇಕೆಂದು ತೀರ್ಮಾನಿಸಿದೆ. ವೈಫೈಯಲ್ಲಿರುವ ಸಾಧನಗಳು ಒಂದನ್ನೊಂದು ನೋಡದಂತೆ ತಡೆಯುವ ಪ್ರತ್ಯೇಕತೆಯ ಆಯ್ಕೆಯನ್ನು ಹಾಲಿನ ರೂಟರಿನಲ್ಲಿ ಹುಡುಕುತ್ತ ಅರ್ಧ ಗಂಟೆ ಕಳೆದೆ. ಅದು ಮೊದಲಿನಿಂದಲೂ ಆಫ್ ಆಗಿಯೇ ಇತ್ತು. ಆ ದಿನ ಏನೂ ಬಗೆಹರಿಯಲಿಲ್ಲ.

ಐದು ದಿನದ ಟಿಪ್ಪಣಿ

ಹೊರಡುವಾಗ ಸೊಸೆಗೆ ಒಂದು ಕೆಲಸ ಹೇಳಿಬಂದೆ: ರಾಯರು ಟಿವಿ ಹುಡುಕಿದಾಗಲೆಲ್ಲ ಹೊತ್ತು, ಗುರುತು ಕಂಡಿತೋ ಇಲ್ಲವೋ, ಫೋನ್ ಅದಕ್ಕೂ ಮೊದಲು ಎಲ್ಲಿತ್ತು, ಇಷ್ಟನ್ನು ಬರೆದಿಡಬೇಕು. ಮೂರನೆಯ ಪ್ರಶ್ನೆಯನ್ನು ನಾನು ಹೆಚ್ಚು ಯೋಚಿಸದೆ ಸೇರಿಸಿದ್ದೆ. ಪ್ರಕರಣ ತಿರುಗಿದ್ದು ಅದರಿಂದಲೇ.

ಐದು ದಿನಗಳಲ್ಲಿ ಹದಿನಾಲ್ಕು ಪ್ರಯತ್ನಗಳು. ಹದಿನಾಲ್ಕೂ ನಡೆದದ್ದು ಹಾಲಿನಲ್ಲಿ, ಟಿವಿಯ ಎದುರಿನ ಅದೇ ಕುರ್ಚಿಯಲ್ಲಿ. ಬೆಳಗಿನ ಆರು ಬಾರಿ ಫೋನ್ ಮೊದಲಿನಿಂದ ಹಾಲಿನಲ್ಲೇ ಇತ್ತು, ಆರೂ ಬಾರಿ ಟಿವಿ ಸಿಕ್ಕಿತು. ಮಧ್ಯಾಹ್ನದ ನಂತರದ ಎಂಟು ಬಾರಿ ಫೋನ್ ಒಳಕೋಣೆಯಲ್ಲಿ ಚಾರ್ಜಿಗಿದ್ದು ಆಮೇಲೆ ಹಾಲಿಗೆ ಬಂದಿತ್ತು. ಏಳು ಬಾರಿ ಸಿಗಲಿಲ್ಲ, ಒಮ್ಮೆ ಫೋನ್ ಆರಿಸಿ ಹಚ್ಚಿದ ಮೇಲೆ ಸಿಕ್ಕಿತು. ಟಿಪ್ಪಣಿಯ ಹಾಳೆ ಹಿಡಿದು ಸೊಸೆ ನನ್ನೆದುರಿಗೇ ಕೇಳಿದರು: "ಮಾವ, ನೀವು ಮಲಗಿ ಎದ್ದು ಬಂದ ಮೇಲೇ ಹೀಗಾಗುವುದಲ್ಲವೇ?"

ಸಂಜೆಗೂ ಈ ದೋಷಕ್ಕೂ ಏನೂ ಸಂಬಂಧವಿರಲಿಲ್ಲ. ಸಂಬಂಧವಿದ್ದದ್ದು ಒಳಕೋಣೆಗೆ. ಫೋನ್ ಒಮ್ಮೆ ಹಿಡಿದ ರೂಟರನ್ನು ಸುಲಭವಾಗಿ ಬಿಡುವುದಿಲ್ಲ. ಸಂಕೇತ ತೀರ ಕ್ಷೀಣವಾಗುವವರೆಗೂ ಅದಕ್ಕೇ ಅಂಟಿಕೊಂಡಿರುತ್ತದೆ. ಹತ್ತು ಹೆಜ್ಜೆ ಆಚೆಗೆ ಬಂದು ಟಿವಿಯ ಮುಂದೆ ಕುಳಿತರೂ ರಾಯರ ಫೋನ್ ಒಳಕೋಣೆಯ ರೂಟರನ್ನೇ ಹಿಡಿದುಕೊಂಡಿತ್ತು. ಆರಿಸಿ ಹಚ್ಚಿದಾಗ ಹೊಸದಾಗಿ ಹುಡುಕಿ, ಹತ್ತಿರದ ಹಾಲಿನ ರೂಟರಿಗೆ ಸೇರುತ್ತಿತ್ತು. ಫೋನಿನ ದೋಷವೆಂದು ಎಲ್ಲರೂ ನಂಬಲು ಕಾರಣವಾದ "ಮದ್ದು" ಕೆಲಸ ಮಾಡುತ್ತಿದ್ದುದು ಹೀಗೆ. ಎರಡೂ ರೂಟರಿಗೆ ಒಂದೇ ಹೆಸರಿದ್ದುದರಿಂದ ಫೋನಿನ ಪರದೆಯಲ್ಲಿ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. "ಫೋನ್ ಮತ್ತು ಟಿವಿ ಒಂದೇ ವೈಫೈಯಲ್ಲಿರಲಿ" ಎಂಬ ಎಲ್ಲರೂ ಕೊಡುವ ಸಲಹೆಯನ್ನು ಈ ಮನೆಯವರು ಅಕ್ಷರಶಃ ಪಾಲಿಸಿಯೇ ಇದ್ದರು.

ವಿಳಾಸಗಳು ಹೇಳಿದ್ದು

ಈ ಬಾರಿ ವೈಫೈಯ ಹೆಸರು ನೋಡುವುದನ್ನು ಬಿಟ್ಟು ವಿಳಾಸಗಳನ್ನು ಬರೆದುಕೊಂಡೆ. ಟಿವಿ 192.168.1.14. ಬೆಳಿಗ್ಗೆ ಹಾಲಿನಲ್ಲಿ ರಾಯರ ಫೋನ್ 192.168.1.17. ಅದೇ ಫೋನ್ ಒಳಕೋಣೆಯಿಂದ ಬಂದಾಗ 192.168.0.103. ಮನೆಯ ರೂಟರುಗಳಲ್ಲಿ ಸಾಮಾನ್ಯವಾಗಿ ವಿಳಾಸದ ಮೊದಲ ಮೂರು ಭಾಗಗಳು ಒಂದೇ ಆಗಿದ್ದರೆ ಎರಡು ಸಾಧನಗಳು ಒಂದೇ ಜಾಲದಲ್ಲಿವೆ ಎಂದು ತಿಳಿಯಬಹುದು. ಇಲ್ಲಿ ಮೂರನೆಯ ಭಾಗವೇ ಬೇರೆಯಾಗಿತ್ತು: ಮನೆಯಲ್ಲಿ ಒಂದೇ ಹೆಸರಿನ ಎರಡು ಜಾಲಗಳಿದ್ದವು.

ಒಳಕೋಣೆಯ ರೂಟರನ್ನು ತಿರುಗಿಸಿ ನೋಡಿದೆ. ಹಾಲಿನಿಂದ ಬಂದ ಕೇಬಲ್ ನೀಲಿ ಬಣ್ಣದ ವ್ಯಾನ್ ಪೋರ್ಟಿಗೆ, ಅಂದರೆ ಹೊರಗಿನ ಇಂಟರ್ನೆಟ್ಟಿಗೆಂದು ಇರುವ ತೂತಿಗೆ, ಸೇರಿತ್ತು. ಹಾಗೆ ಸೇರಿಸಿದರೆ ಆ ರೂಟರು ಹಾಲಿನ ಜಾಲವನ್ನು ಹೊರಗಿನ ಇಂಟರ್ನೆಟ್ ಎಂದೇ ಭಾವಿಸಿ, ತನ್ನ ಹಿಂದೆ ಬೇರೆಯದೇ ಒಂದು ಜಾಲವನ್ನು ಕಟ್ಟುತ್ತದೆ, ತನ್ನ ಸಾಧನಗಳಿಗೆ ತಾನೇ ವಿಳಾಸ ಹಂಚುತ್ತದೆ.

ಹಾಗಾದರೆ ಪಿಂಗ್ ಹೇಗೆ ಹೋಯಿತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಮಂದಿ ಎಡವುವುದು ಇಲ್ಲಿಯೇ. ಒಳಗಿನ ಜಾಲದಿಂದ ಹೊರಡುವ ಮಾತನ್ನು ಒಳಕೋಣೆಯ ರೂಟರು ತನ್ನ ಹೆಸರಿನಲ್ಲಿ ಹಾಲಿನ ಜಾಲಕ್ಕೆ ದಾಟಿಸಿ, ಬಂದ ಉತ್ತರವನ್ನು ಮರಳಿ ತಲುಪಿಸುತ್ತದೆ. ಇಂಟರ್ನೆಟ್ಟಿನ ಯಾವುದೇ ತಾಣಕ್ಕೆ ಮಾಡುವಂತೆಯೇ. ಆದ್ದರಿಂದ ಟಿವಿಯ ವಿಳಾಸ ಗೊತ್ತಿದ್ದವನಿಗೆ ಟಿವಿ ಸಿಗುತ್ತದೆ. ಆದರೆ ಆ್ಯಪ್‌ಗೆ ವಿಳಾಸ ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ಅದು ಹುಡುಕುತ್ತಿದೆ. ಹುಡುಕುವಾಗ ಫೋನ್ ಯಾರೊಬ್ಬರನ್ನೂ ಗುರಿಯಾಗಿಟ್ಟು ಕೇಳುವುದಿಲ್ಲ. 224.0.0.251 ಎಂಬ ಗುಂಪು ವಿಳಾಸಕ್ಕೆ, 5353ನೇ ಯುಡಿಪಿ ಪೋರ್ಟಿನಲ್ಲಿ, "`_googlecast._tcp.local` ಸೇವೆ ಕೊಡುವವರು ಇಲ್ಲಿ ಯಾರಿದ್ದೀರಿ" ಎಂದು ಕೂಗುತ್ತದೆ. ಟಿವಿ ಆ ಕೂಗನ್ನು ಕೇಳಿ ತನ್ನ ಹೆಸರು, ವಿಳಾಸ, ಪೋರ್ಟುಗಳನ್ನು ಹೇಳುತ್ತದೆ. ಎಂಡಿಎನ್‌ಎಸ್ ಎಂದು ಕರೆಯುವ ಈ ವ್ಯವಸ್ಥೆ ಒಂದು ಜಾಲದ ಒಳಗಷ್ಟೇ ನಡೆಯಬೇಕೆಂದು ರೂಪಿಸಿದ್ದು. ಆ ಗುಂಪು ವಿಳಾಸಕ್ಕೆ ಹೋದ ಮಾತನ್ನು ರೂಟರು ಇನ್ನೊಂದು ಜಾಲಕ್ಕೆ ದಾಟಿಸುವುದಿಲ್ಲ. ವಠಾರದಲ್ಲಿ ನಿಂತು ಕೂಗಿದರೆ ವಠಾರದವರಿಗಷ್ಟೇ ಕೇಳಿಸುತ್ತದೆ, ಪಕ್ಕದ ಬೀದಿಯವನಿಗೆ ಕಾಗದ ಬರೆಯಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ನಾನು ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ ಪಿಂಗ್ ಆಗಿರಲಿಲ್ಲ, ಇದಾಗಿತ್ತು:

```
dns-sd -B _googlecast._tcp local
```

ಮ್ಯಾಕ್ ಲ್ಯಾಪ್‌ಟಾಪ್‌ನಲ್ಲಿ ಇದು ಆ್ಯಪ್ ಕೇಳುವ ಪ್ರಶ್ನೆಯನ್ನೇ ಕೇಳುತ್ತದೆ. ಲಿನಕ್ಸ್‌ನಲ್ಲಿ `avahi-browse -rt _googlecast._tcp` ಅದೇ ಕೆಲಸ ಮಾಡುತ್ತದೆ. ಹಾಲಿನ ರೂಟರಿಗೆ ಸೇರಿ ಓಡಿಸಿದಾಗ ಕೆಲವೇ ಕ್ಷಣಗಳಲ್ಲಿ ಟಿವಿಯನ್ನು ಸೂಚಿಸುವ, `Add` ಎಂಬ ಪದವಿರುವ ಸಾಲೊಂದು ಬಂತು. ಒಳಕೋಣೆಯ ರೂಟರಿಗೆ ಸೇರಿ ಓಡಿಸಿದಾಗ ಆರಂಭದ ಸಾಲುಗಳ ಕೆಳಗೆ ಎರಡು ನಿಮಿಷ ಕಾದರೂ ಏನೂ ಮೂಡಲಿಲ್ಲ. ಪಕ್ಕದ ಕಿಟಕಿಯಲ್ಲಿ ಮಾತ್ರ ಅದೇ ಟಿವಿಗೆ ಪಿಂಗ್ ಉತ್ತರ ಬರುತ್ತಲೇ ಇತ್ತು. ಎರಡನ್ನೂ ಒಟ್ಟಿಗೆ ಮಗನಿಗೆ ತೋರಿಸಿದೆ; ಟಿವಿ ಸ್ಟಿಕ್ಕಿನ ಮಾತು ಅಲ್ಲಿಗೆ ನಿಂತಿತು.

ಯಾವ ಪರಿಹಾರ, ಏಕೆ

ಟಿವಿಯನ್ನೇ ಒಳಕೋಣೆಯ ಜಾಲಕ್ಕೆ ಸೇರಿಸಿಬಿಡೋಣ ಎಂದು ಮಗ ಸೂಚಿಸಿದ. ಹಾಗೆ ಮಾಡಿದ್ದರೆ ದೋಷ ತಲೆಕೆಳಗಾಗುತ್ತಿತ್ತು: ಹಾಲಿನ ಜಾಲದಲ್ಲಿರುವ ಫೋನುಗಳಿಗೆ ಟಿವಿ ಸಿಗುತ್ತಿರಲಿಲ್ಲ, ಹೊರಗಿನಿಂದ ಒಳಗೆ ದಾಟುವ ದಾರಿ ಇಲ್ಲದ್ದರಿಂದ ಪಿಂಗ್ ಕೂಡ ಹೋಗುತ್ತಿರಲಿಲ್ಲ. ಎರಡು ಜಾಲಗಳ ನಡುವೆ ಈ ಕೂಗನ್ನು ದಾಟಿಸಿಕೊಡುವ ತಂತ್ರಾಂಶಗಳೂ ಇವೆ. ಕಚೇರಿಯಲ್ಲಿ ಜಾಲಗಳನ್ನು ಬೇಕೆಂದೇ ಬೇರ್ಪಡಿಸಿರುವಾಗ ನಾನೇ ಅದನ್ನು ಬಳಸುತ್ತೇನೆ. ಆದರೆ ಈ ಮನೆಗೆ ಎರಡು ಜಾಲಗಳ ಅಗತ್ಯವೇ ಇರಲಿಲ್ಲ. ಬೇಡದ ಗೋಡೆಗೆ ಕಿಟಕಿ ಕೊರೆಯುವುದಕ್ಕಿಂತ ಗೋಡೆಯನ್ನೇ ತೆಗೆಯುವುದು ಲೇಸೆನಿಸಿತು. ಒಳಕೋಣೆಯ ರೂಟರು ರೂಟರಾಗಿರದೆ ವೈಫೈ ಕೊಡುವ ಪೆಟ್ಟಿಗೆಯಾಗಿ ಮಾತ್ರ ಇರಬೇಕಿತ್ತು.

ಹೊಸ ರೂಟರುಗಳಲ್ಲಿ ಆ್ಯಕ್ಸೆಸ್ ಪಾಯಿಂಟ್ ಎಂಬ ಆಯ್ಕೆಯನ್ನು ಒತ್ತಿದರೆ ಸಾಕು. ಈ ಹಳೆಯದರಲ್ಲಿ ಅದಿರಲಿಲ್ಲವಾದ್ದರಿಂದ ಕೈಯಿಂದ ಮಾಡಬೇಕಾಯಿತು, ಮತ್ತು ಹೀಗೆ ಮಾಡುವಾಗ ಕೆಲಸದ ಅನುಕ್ರಮ ಮುಖ್ಯ. ಮೊದಲು ಹಾಲಿನ ರೂಟರು ಸಾಧನಗಳಿಗೆ ಹಂಚುವ ವಿಳಾಸಗಳು 192.168.1.10ರಿಂದ ಆರಂಭವಾಗುತ್ತವೆ ಎಂದು ಖಚಿತಪಡಿಸಿಕೊಂಡು, ಆ ಸಾಲಿನ ಹೊರಗಿರುವ 192.168.1.2 ಅನ್ನು ಒಳಕೋಣೆಯ ರೂಟರಿನ ವಿಳಾಸವಾಗಿ ಕೊಡಬೇಕೆಂದು ನಿಶ್ಚಯಿಸಿದೆ. ಆ ವಿಳಾಸವನ್ನು ತುಂಬುವ ಮುಂಚೆ ಹಾಲಿನಿಂದ ಬಂದ ಕೇಬಲನ್ನು ಕಿತ್ತು, ಲ್ಯಾಪ್‌ಟಾಪನ್ನು ಬೇರೊಂದು ಕೇಬಲಿನಿಂದ ರೂಟರಿಗೆ ಜೋಡಿಸಿಕೊಂಡೆ. ವಿಳಾಸ ಬದಲಾದ ಮೇಲೆ ಹೊಸ ವಿಳಾಸದಲ್ಲಿ ಒಳಹೊಕ್ಕು ಅದರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸವನ್ನು, ನಿಲ್ಲಿಸಿದೆ. ಕೊನೆಯಲ್ಲಿ ಹಾಲಿನ ಕೇಬಲನ್ನು ನೀಲಿ ಪೋರ್ಟಿನ ಬದಲು, ಮನೆಯೊಳಗಿನ ಸಾಧನಗಳಿಗೆಂದು ಇರುವ ಹಳದಿ ಬಣ್ಣದ ಲ್ಯಾನ್ ಪೋರ್ಟೊಂದಕ್ಕೆ ಸೇರಿಸಿದೆ. ಡಿಎಚ್‌ಸಿಪಿ ನಿಲ್ಲಿಸುವ ಮೊದಲೇ ಕೇಬಲ್ ಬದಲಿಸಿದ್ದರೆ ಒಂದೇ ಜಾಲದಲ್ಲಿ ಇಬ್ಬರು ವಿಳಾಸ ಹಂಚುವವರಾಗಿ, ಕೆಲವು ಸಾಧನಗಳಿಗೆ ಇಂಟರ್ನೆಟ್ಟೇ ಸಿಗದೆ, ಹಳೆಯದಕ್ಕಿಂತ ಗೋಜಲಿನ ದೋಷ ಹುಟ್ಟುತ್ತಿತ್ತು.

ಇದರಿಂದ ಒಂದು ಅನುಕೂಲ ಕೈತಪ್ಪಿತು. ಮೊಮ್ಮಗನ ಟ್ಯಾಬ್ಲೆಟ್ಟಿಗೆ ರಾತ್ರಿ ಇಂಟರ್ನೆಟ್ ನಿಲ್ಲುವಂತೆ ಸೊಸೆ ಒಳಕೋಣೆಯ ರೂಟರಿನಲ್ಲಿ ಹೊತ್ತು ಕಟ್ಟಿಟ್ಟಿದ್ದರು. ರೂಟರಿನ ಕೆಲಸ ನಿಂತ ಮೇಲೆ ಆ ಕಟ್ಟಳೆಯೂ ನಿಂತಿತು. ಅದನ್ನು ಹಾಲಿನ ರೂಟರಿನಲ್ಲಿ ಹೊಸದಾಗಿ ಹಾಕಿಕೊಟ್ಟೆ. ಹೀಗೆ ಬದಲಿಸುವವರು ಹಳೆಯ ರೂಟರಿನಲ್ಲಿ ಇಂಥದ್ದೇನಾದರೂ ಇದೆಯೇ ಎಂದು ಮೊದಲೇ ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ಉಳಿದಿದ್ದ ಇನ್ನೊಂದು ದೋಷ

ಆಮೇಲೆ ರಾಯರ ಫೋನಿಗೆ ಎರಡೂ ಕೋಣೆಗಳಿಂದ ಟಿವಿ ಸಿಕ್ಕಿತು. ಎಲ್ಲಿಗೆ ಸೇರಿದರೂ ವಿಳಾಸ 192.168.1ರಿಂದಲೇ ಆರಂಭವಾಗುತ್ತಿತ್ತು, ಲ್ಯಾಪ್‌ಟಾಪಿನಲ್ಲಿ ಒಳಕೋಣೆಯಿಂದಲೂ `Add` ಸಾಲು ಬಂತು. ಆದರೆ ಸೊಸೆಯ ಐಫೋನಿಗೆ ಮಾತ್ರ ಹಾಲಿನಲ್ಲಿ ಕುಳಿತರೂ ಸಿಗಲಿಲ್ಲ. ಅವರಿಗೆ ಎಂದೂ ಸಿಕ್ಕಿರಲಿಲ್ಲವಂತೆ. ಮಾವನ ಫೋನಿನ ತೊಂದರೆಯೇ ತನಗೂ ಇದೆ ಎಂದುಕೊಂಡು ಅವರು ಬೇರೆಯಾಗಿ ಹೇಳಿರಲಿಲ್ಲ.

ನಾನು ಜಾಲವನ್ನು ಮತ್ತೆ ಕೆದಕಲಿಲ್ಲ. ಅದೇ ಐಫೋನಿನಲ್ಲಿ, ಅದೇ ವಿಳಾಸದಿಂದ, ಸಂಖ್ಯೆ ತುಂಬಿ ಬೆಸೆಯದ ಬೇರೊಂದು ವಿಡಿಯೋ ಆ್ಯಪ್ ತೆರೆಸಿದೆ. ಅದಕ್ಕೆ ಟಿವಿ ಕಂಡಿತು. ಒಂದೇ ಫೋನಿನ ಒಂದು ಆ್ಯಪ್‌ಗೆ ಕಂಡು ಇನ್ನೊಂದಕ್ಕೆ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಅನುಮತಿ. 2020ರಲ್ಲಿ ಬಂದ ಐಒಎಸ್ 14ರಿಂದ ಪ್ರತಿಯೊಂದು ಆ್ಯಪ್ ಮನೆಯ ಜಾಲದಲ್ಲಿ ಸಾಧನ ಹುಡುಕುವ ಮುನ್ನ ಬಳಕೆದಾರರ ಒಪ್ಪಿಗೆ ಕೇಳುತ್ತದೆ. ಆ ಪ್ರಶ್ನೆಗೆ ಎಂದೋ ಬೇಡವೆಂದು ಒತ್ತಿದ್ದರೆ ಆ್ಯಪ್ ಸುಮ್ಮನೆ ಖಾಲಿ ಪಟ್ಟಿ ತೋರಿಸಬಹುದು, ಕಾರಣ ಹೇಳದೆ ಇರಬಹುದು. ಸೆಟ್ಟಿಂಗ್ಸ್‌ನ `Privacy & Security` ಒಳಗಿನ `Local Network` ಪಟ್ಟಿಯಲ್ಲಿ ಚಂದಾ ಆ್ಯಪ್‌ನ ಎದುರಿನ ಗುಂಡಿ ಆಫ್ ಆಗಿತ್ತು. ಹಚ್ಚಿ, ಆ್ಯಪ್ ಮುಚ್ಚಿ ತೆರೆದಾಗ ಟಿವಿಯ ಹೆಸರು ಬಂತು. ಎರಡು ದೋಷಗಳು ಒಂದೇ ಮುಖ ಹೊತ್ತು ಒಂದೇ ಮನೆಯಲ್ಲಿದ್ದವು. ರಾಯರ ಫೋನು ಸರಿಯಾದೊಡನೆ ಹೊರಟುಬಂದಿದ್ದರೆ ಎರಡನೆಯದು ಹಾಗೆಯೇ ಉಳಿಯುತ್ತಿತ್ತು.

ಈ ವಿಧಾನಕ್ಕೆ ಎಲ್ಲೆಯೂ ಇದೆ. ಪಿಜಿ, ಹೋಟೆಲು, ಅತಿಥಿಗಳ ವೈಫೈಗಳಲ್ಲಿ ಸಾಧನಗಳು ಒಂದನ್ನೊಂದು ಕಾಣದಂತೆ ಬೇಕೆಂದೇ ತಡೆದಿರುತ್ತಾರೆ. ಅಲ್ಲಿ ವಿಳಾಸಗಳು ಒಂದೇ ಜಾಲದವಾಗಿದ್ದರೂ ಕಾಸ್ಟ್ ಸಿಗುವುದಿಲ್ಲ, ಸಾಮಾನ್ಯವಾಗಿ ಪಿಂಗ್ ಕೂಡ ಹೋಗುವುದಿಲ್ಲ, ಮತ್ತು ಆ ರೂಟರು ನಮ್ಮ ಕೈಯಲ್ಲಿಲ್ಲ. ಅಂಥಲ್ಲಿ ಎಚ್‌ಡಿಎಂಐ ಕೇಬಲ್ ಒಯ್ಯುವುದೇ ಸಮಯ ಉಳಿಸುವ ದಾರಿ.

ಮುಲುಂಡಿನ ಮನೆಯಲ್ಲಿ ಕಡೆಯದಾಗಿ ಮಾಡಿದ್ದು ಒಂದು ಸಣ್ಣ ಕೆಲಸ. ಮುಂದೆ ಯಾರಾದರೂ ದುರಸ್ತಿಗೆ ಬಂದು, ಖಾಲಿಯಿರುವ ನೀಲಿ ಪೋರ್ಟ್ ನೋಡಿ, ಕೇಬಲ್ ತಪ್ಪು ಜಾಗದಲ್ಲಿದೆ ಎಂದುಕೊಂಡು ಅಲ್ಲಿಗೆ ಸಿಕ್ಕಿಸುವ ಸಾಧ್ಯತೆ ಬಹಳ. ಈಗ ಡಿಎಚ್‌ಸಿಪಿ ನಿಂತಿರುವುದರಿಂದ ಹಾಗೆ ಮಾಡಿದರೆ ಒಳಕೋಣೆಯ ಫೋನುಗಳಿಗೆ ವಿಳಾಸವೇ ಸಿಗುವುದಿಲ್ಲ. ಆದ್ದರಿಂದ ನೀಲಿ ಪೋರ್ಟಿನ ಬಾಯಿಗೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದೆ. ರೂಟರಿನ ಬೆನ್ನ ಮೇಲೆ ಸೊಸೆ ಚೀಟಿಯೊಂದನ್ನು ಹಚ್ಚಿದರು; ಅದರಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ, ಕೇಬಲ್ ಹಳದಿಗೆ ಮಾತ್ರ, ವಿಳಾಸ 192.168.1.2 ಎಂದು ಬರೆದಿದೆ.